ಕಳೆದುಹೋದ ಸೂಟ್‌ಕೇಸಿಗೆ ಕಿಲೋ ಲೆಕ್ಕದಲ್ಲಿ ದುಡ್ಡು ಕೊಡ್ತಾರಂತೆ. ದೂರಿನ ಪತ್ರ ಹೇಗೆ ಬರೆಯಲಿ?

ಡೊಂಬಿವಲಿ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ, ಮಾವ 2025ರ ಮಾರ್ಚ್ 2ರಂದು ಬೆಳಗಿನ ಜಾವ ಟೊರಾಂಟೊದಿಂದ ಮುಂಬೈಗೆ ಬಂದರು. ನಡುವೆ ಯುರೋಪಿನಲ್ಲಿ ವಿಮಾನ ಬದಲಾಯಿಸಿದ್ದರು. ಎರಡು ಸೂಟ್‌ಕೇಸಿನಲ್ಲಿ ಒಂದು ಬೆಲ್ಟಿನ ಮೇಲೆ ಬಂತು, ಇನ್ನೊಂದು ಬರಲೇ ಇಲ್ಲ. ಅಲ್ಲೇ ಕೌಂಟರಿನಲ್ಲಿ ದೂರು ಬರೆಸಿ, ಪಿಐಆರ್ ಅನ್ನುವ ಆ ದೂರಿನ ಪ್ರತಿ ತಂದಿದ್ದಾರೆ. ಅವತ್ತಿನಿಂದ ವಿಮಾನ ಸಂಸ್ಥೆಯವರು ‘ಹುಡುಕುತ್ತಿದ್ದೇವೆ’ ಅಂತಲೇ ಹೇಳುತ್ತ ಬಂದರು. ನಿನ್ನೆ, 25ನೇ ತಾರೀಕು, ಮೇಲ್ ಬಂದಿದೆ: ಬ್ಯಾಗು ಸಿಗಲಿಲ್ಲ, ತೂಕ 21.5 ಕಿಲೋ, ಕಿಲೋಗೆ 20 ಡಾಲರಿನಂತೆ 430 ಡಾಲರ್ ಕೊಡುತ್ತೇವೆ, ಜೊತೆಗಿರುವ ಫಾರ್ಮಿಗೆ ಸಹಿ ಮಾಡಿ ಬ್ಯಾಂಕ್ ವಿವರ ಕಳಿಸಿ. ರೂಪಾಯಿಯಲ್ಲಿ ಹೇಳುವುದಾದರೆ ಸುಮಾರು 37,000.

ಬ್ಯಾಗಿಗೆ ಮಾವನ ಹೆಸರಿನ ಟ್ಯಾಗ್ ಇತ್ತು, ಒಳಗೆ ಇದ್ದದ್ದು ಇಬ್ಬರ ಸಾಮಾನು. ಅತ್ತೆಯ ರೇಷ್ಮೆ ಸೀರೆಗಳು, ಇಳಕಲ್ ಸೀರೆಗಳು, ಪೂಜೆಯ ಬೆಳ್ಳಿ ಸಾಮಾನು ಎಲ್ಲ ಅದರಲ್ಲೇ ಹೋಗಿವೆ. ಮಗಳ ಹೊಸ ಮನೆಯ ಗೃಹಪ್ರವೇಶಕ್ಕೆ ಅಂತ ಅವನ್ನೆಲ್ಲ ಇಲ್ಲಿಂದ ಒಯ್ದಿದ್ದರು. ಅತ್ತೆ ಈಗಲೂ ಆ ಕುಂಕುಮ ಭರಣಿಯನ್ನೇ ನೆನೆಸಿಕೊಂಡು ಸಂಕಟಪಡುತ್ತಾರೆ.

ನಾನು ಬರೆದ ಕರಡಿನ ಮುಖ್ಯ ಭಾಗ ಇಷ್ಟು: “ನಿಮ್ಮ ನಿರ್ಲಕ್ಷ್ಯದಿಂದ ಹಿರಿಯ ನಾಗರಿಕರಾದ ನಮಗೆ ಅಪಾರ ಮಾನಸಿಕ ಯಾತನೆಯಾಗಿದೆ. ಬ್ಯಾಗಿನಲ್ಲಿ ಬೆಲೆಬಾಳುವ ಸೀರೆಗಳು, ಬೆಳ್ಳಿ ಸಾಮಾನು, ಉಣ್ಣೆ ಬಟ್ಟೆ ಮುಂತಾದವು ಇದ್ದವು. ಒಟ್ಟು 5 ಲಕ್ಷ ರೂಪಾಯಿ ಪರಿಹಾರವನ್ನು ಏಳು ದಿನದೊಳಗೆ ಕೊಡಬೇಕು. ಇಲ್ಲವಾದರೆ ಕಾನೂನು ಕ್ರಮ.” ಇದನ್ನು ಕಳಿಸಬಹುದೇ? 430 ಡಾಲರ್ ಅನ್ನುವುದು ನಿಜಕ್ಕೂ ನಿಯಮವೇ?

ಥಾಣೆಯ ಲೆಕ್ಕಿಗ
ಅಕ್ಕಾವ್ರೆ, ಕಿಲೋಕ್ಕ 20 ಡಾಲರ್ ಅನ್ನೋದು ಅಂತಾರಾಷ್ಟ್ರೀಯ ನಿಯಮ ಅದ. ಟಿಕೀಟಿನ ಹಿಂದ ಸಣ್ಣ ಅಕ್ಷರದಾಗ ಬರೀತಿದ್ರು, ನಾನ ಓದೀನಿ. ಯಾವ ದೇಶದಿಂದ ಯಾವ ದೇಶಕ್ಕ ಹೊಂಟೀರಿ ಅನ್ನೋದರ ಮ್ಯಾಲೂ ಅದು ನಿಂತಿರತದ. 5 ಲಕ್ಷ ಕೇಳಿದ್ರ ಅವರು ಪತ್ರ ಓದೋದೂ ಇಲ್ಲ. 430 ತಗೊಂಡು ಬಿಡೋದು ಛಲೋ ಅಂತ ನನ್ನ ಅಭಿಪ್ರಾಯ.

ವಾಸ್ಕೋದಾಂವ
ನಂದೂ ಹಿಂಗ ಆಗಿತ್ರೀ. ಗೋವಾದಿಂದ ಬೆಂಗಳೂರಿಗೆ ಹೋಗೋ ಮುಂದ ದಾಬೋಳಿಯೊಳಗ ಹಾಕಿದ ಬ್ಯಾಗು ಮುಟ್ಟಲೇ ಇಲ್ಲ. ಕಿಲೋಕ್ಕ 350 ರೂಪಾಯಿ ಅಂತ ಲೆಕ್ಕ ಹಾಕಿ ನಾಲ್ಕು ಸಾವಿರದ ಹತ್ತಿರ ಕೊಟ್ರು, ಮುಗೀತು. ನಿಮಗ 37,000 ಬರ್ತದಂದ್ರ ಅದೇ ದೊಡ್ಡದು ತಗೋರಿ.

ಸಹಾರ್ ಹಳಬ
ತಂಗೀ, ಯಾವ ಫಾರ್ಮಿಗೂ ಸಹಿ ಹಾಕಿಸಬೇಡಿ. ನಾನು ಸಹಾರ್ ಏರ್‌ಪೋರ್ಟಿನಲ್ಲಿ ಬ್ಯಾಗೇಜ್ ಕೌಂಟರಿನಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವ. ಆ ಫಾರ್ಮಿನ ಕೊನೆಯಲ್ಲಿ “ಪೂರ್ಣ ಮತ್ತು ಅಂತಿಮ” ಎಂಬ ಸಾಲು ಇರುತ್ತದೆ. ಅದಕ್ಕೆ ಸಹಿ ಬಿದ್ದರೆ ಆಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಲೆಕ್ಕಿಗರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಹಳೇ ಕಾಲದ್ದು. ಕಿಲೋಗೆ 20 ಡಾಲರ್ ಎಂಬುದು 1929ರ ವಾರ್ಸಾ ಒಪ್ಪಂದದ ಸಂತತಿ. ಅದರ ಜಾಗಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಬಂದಿದೆ. ಭಾರತ ಅದಕ್ಕೆ ಸೇರಿದ್ದು 2009ರಲ್ಲಿ. ಇದರಲ್ಲಿ ಪ್ರಯಾಣಿಕರ ಬ್ಯಾಗಿಗೆ ತೂಕದ ಮಾತೇ ಇಲ್ಲ, ಒಬ್ಬ ಪ್ರಯಾಣಿಕರಿಗೆ ಇಷ್ಟು ಅಂತ ಮಿತಿ. 2024ರ ಡಿಸೆಂಬರ್ 28ರಿಂದ ಆ ಮಿತಿ 1,519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಐಎಂಎಫ್‌ನವರು ದಿನಾ ದರ ಕಟ್ಟುವ ಒಂದು ಲೆಕ್ಕದ ನಾಣ್ಯ. ಈಗಿನ ದರಕ್ಕೆ ಒಂದಕ್ಕೆ ಸುಮಾರು 115 ರೂಪಾಯಿ ಹಿಡಿದರೂ ಒಬ್ಬರಿಗೆ ಒಂದೂಮುಕ್ಕಾಲು ಲಕ್ಷದ ಹತ್ತಿರ ಆಯಿತು.

ದೇಶ ನೋಡಬೇಕು ಎಂಬುದೂ ಅರ್ಧ ಸರಿ. ಎರಡೂ ಕಡೆಯ ದೇಶಗಳು ಒಪ್ಪಂದದಲ್ಲಿ ಇರಬೇಕು. ಕೆನಡಾ ಇದೆ, ನಾವೂ ಇದ್ದೇವೆ. ಅಷ್ಟೇ ಅಲ್ಲ, ನಿಮ್ಮವರು ಮುಂಬೈಯಿಂದಲೇ ಹೋಗಿಬರುವ ಒಂದೇ ಟಿಕೆಟ್ ತೆಗೆದಿದ್ದರೆ ಕಾನೂನಿನ ಕಣ್ಣಿಗೆ ಹೊರಟದ್ದೂ ಮುಂಬೈ, ಮುಟ್ಟಿದ್ದೂ ಮುಂಬೈ. ಟೊರಾಂಟೊ ನಡುವಿನ ನಿಲ್ದಾಣ ಮಾತ್ರ. ಆಗ ಆ ಕಡೆಯ ದೇಶ ಯಾವುದಾದರೂ ಮಾಂಟ್ರಿಯಲ್ಲೇ ಅನ್ವಯ. ಟಿಕೆಟ್ ಹೇಗೆ ತೆಗೆದಿದ್ದೀರಿ, ಹೇಳಿ.

ಇನ್ನೊಂದು ಪ್ರಶ್ನೆ. ಪಿಐಆರ್ ಪ್ರತಿಯ ಮೇಲೆ ಕಸ್ಟಮ್ಸಿನವರ ಮುದ್ರೆ ಇದೆಯೇ?

ಡೊಂಬಿವಲಿ ಸೊಸೆ
ಹೋಗಿಬರುವ ಒಂದೇ ಟಿಕೆಟ್ಟು, ಮುಂಬೈಯಿಂದ ತೆಗೆದದ್ದು. ಪ್ರತಿಯ ಹಿಂದುಗಡೆ ಒಂದು ದುಂಡು ಸೀಲು, ಸಹಿ ಇದೆ. ಅದು ಯಾಕೆ ಅಂತ ಮಾವನಿಗೂ ಗೊತ್ತಿಲ್ಲ, ಕೌಂಟರಿನವರು ಹೇಳಿದರು ಅಂತ ಹಾಕಿಸಿಕೊಂಡು ಬಂದಿದ್ದಾರೆ.

ಸಹಾರ್ ಹಳಬ
ಒಳ್ಳೆಯದಾಯಿತು. ಬ್ಯಾಗು ಆಮೇಲೆ ಬೇರೆಯಾಗಿ ಬಂದರೆ ಸುಂಕವಿಲ್ಲದೆ ತರಬಹುದಾದ ಪಾಲು ಇನ್ನೂ ಬಾಕಿ ಇದೆ ಎಂದು ಕಸ್ಟಮ್ಸ್ ಬರೆದುಕೊಡುವ ಮುದ್ರೆ ಅದು. ನಿಮಗೆ ಈಗ ಬೇರೆ ರೀತಿಯಲ್ಲಿ ಉಪಯೋಗ. ಅವತ್ತೇ, ವಿಮಾನ ನಿಲ್ದಾಣದ ಒಳಗೇ ಬ್ಯಾಗು ಬಂದಿರಲಿಲ್ಲ ಎಂಬುದಕ್ಕೆ ವಿಮಾನ ಸಂಸ್ಥೆಯ ಹೊರಗಿನ ಒಬ್ಬ ಅಧಿಕಾರಿಯ ಗುರುತು ಸಿಕ್ಕಿತಲ್ಲ. ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ ಲಗತ್ತಿಸಿ.

ಈಗ ಕರಡಿನ ವಿಷಯ. ಬೇಜಾರು ಮಾಡಬೇಡಿ, ಕ್ಲೇಮಿನ ಮೇಜಿನ ಮೇಲೆ ಇಂಥ ಪತ್ರ ಬಿದ್ದರೆ ಅಲ್ಲಿ ಕೂತವನು ಹುಡುಕುವುದು ಮೂರೇ ಸಂಗತಿ: ಯಾವ ಸಾಮಾನು, ಯಾವಾಗ ಎಷ್ಟಕ್ಕೆ ತೆಗೆದದ್ದು, ಅದಕ್ಕೆ ಪುರಾವೆ ಏನು. “ಮುಂತಾದವು” ಎಂಬ ಪದಕ್ಕೆ ಅವನ ಕೋಷ್ಟಕದಲ್ಲಿ ಜಾಗವಿಲ್ಲ. ಯಾತನೆಗೂ ಇಲ್ಲ. 5 ಲಕ್ಷ ಎಂಬ ಅಂಕಿಗೆ ಕೆಳಗೆ ಕೂಡಿಸಿದ ಲೆಕ್ಕ ಇಲ್ಲದಿದ್ದರೆ ಅವನು ಸೀದಾ ತೂಕದ ಲೆಕ್ಕಕ್ಕೆ ಹೋಗುತ್ತಾನೆ. ಒಂದೊಂದೇ ಸಾಮಾನು ಬರೆಯಿರಿ. ಅತ್ತೆಯನ್ನು ಪಕ್ಕ ಕೂರಿಸಿಕೊಂಡು, ಸೂಟ್‌ಕೇಸನ್ನು ಮೇಲಿನಿಂದ ಕೆಳಗೆ ಬಿಚ್ಚುವ ಹಾಗೆ ಕೇಳುತ್ತ ಹೋಗಿ. ಯಾವುದರ ಕೆಳಗೆ ಯಾವುದು ಇತ್ತು ಎಂದು ಕೇಳಿದರೆ ನೆನಪು ತಾನಾಗಿ ಬರುತ್ತದೆ.

ಒಂದು ಎಚ್ಚರಿಕೆ. ಬ್ಯಾಗು ಸಿಗದ ಮೊದಲ ವಾರದಲ್ಲಿ ಒಳಗೆ ಏನಿತ್ತು ಎಂದು ಕೇಳುವ ಒಂದು ಫಾರ್ಮು ಅವರು ಕಳಿಸಿರುತ್ತಾರೆ, ಹುಡುಕುವುದಕ್ಕೆ ಅಂತ. ಅದರಲ್ಲಿ ಬರೆದದ್ದನ್ನೂ ಈಗ ಬರೆಯುವುದನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಅಲ್ಲಿ ಇಲ್ಲದ ಬೆಲೆಬಾಳುವ ವಸ್ತು ಇಲ್ಲಿ ಕಾಣಿಸಿಕೊಂಡರೆ ಪೂರ್ತಿ ಪಟ್ಟಿಯ ಮೇಲೆ ಅನುಮಾನ ಬೀಳುತ್ತದೆ. ತೂಕವನ್ನೂ ನೋಡುತ್ತಾರೆ. ಟ್ಯಾಗಿನಲ್ಲಿ 21.5 ಕಿಲೋ ಇದ್ದರೆ ನಿಮ್ಮ ಪಟ್ಟಿಯ ಸಾಮಾನು ಖಾಲಿ ಸೂಟ್‌ಕೇಸಿನ ನಾಲ್ಕು ಕಿಲೋ ಸೇರಿ ಅಷ್ಟರ ಆಸುಪಾಸು ಬರಬೇಕು. ನಲವತ್ತು ಕಿಲೋದ ಪಟ್ಟಿ ಬರೆದವರನ್ನೂ ನೋಡಿದ್ದೇನೆ.

ಪಿಂಪ್ರಿ ಹುಡುಗ
ನನ್ನ ಟ್ರಾಲಿ ಬ್ಯಾಗಿನ ಎರಡು ಚಕ್ರ ಮುರಿದುಕೊಂಡು ಬಂತು, ಪುಣೆಗೆ ಬಂದು ಹತ್ತು ದಿನ ಆಯ್ತು. ದೋಹಾದಿಂದ ಬಂದದ್ದು. ಬ್ಯಾಗಿನ ವಿಷಯದಲ್ಲಿ 21 ದಿನ ಕಾಯಬೇಕು ಅಂತಾರಲ್ಲ, ನಾನೂ ಹಾಗೇ ಕಾದು ಪತ್ರ ಬರೆಯಬೇಕಾ?

ಪುಣೆ ವಕೀಲೆ
ಪಿಂಪ್ರಿಯವರೇ, ನಿಮ್ಮದು ಬೇರೆ ವಿಷಯ, ಕಾಯುವ ಹಾಗಿಲ್ಲ. ಹಾನಿಯಾದ ಬ್ಯಾಗಿಗೆ ಅದು ಕೈಗೆ ಬಂದ ಏಳು ದಿನದೊಳಗೆ ಬರಹದಲ್ಲಿ ದೂರು ಹೋಗಿರಬೇಕು. ವಿಮಾನ ನಿಲ್ದಾಣದಲ್ಲಿ ಏನಾದರೂ ಬರೆಸಿದ್ದರೆ ಆ ಪ್ರತಿ ಹುಡುಕಿ, ಅದೇ ನಿಮ್ಮ ಆಧಾರ. ತಡವಾಗಿ ಬಂದ ಬ್ಯಾಗಿಗೆ ಅದು ಕೈಸೇರಿದ ದಿನದಿಂದ 21 ದಿನ. ಬರಲೇ ಇಲ್ಲದ ಬ್ಯಾಗಿಗೆ 21 ದಿನದ ಮಾತೇ ಬೇರೆ: ಬರಬೇಕಿದ್ದ ದಿನದಿಂದ 21 ದಿನ ಕಳೆದರೂ ಬರದಿದ್ದರೆ ಅದನ್ನು ಕಳೆದುಹೋದದ್ದು ಎಂದೇ ಹಿಡಿದು ಹಕ್ಕು ಕೇಳಬಹುದು. ಡೊಂಬಿವಲಿಯವರಿಗೆ ಅದು ಮಾರ್ಚ್ 23ಕ್ಕೆ ಮುಗಿದಿದೆ. ವಿಮಾನ ಸಂಸ್ಥೆಯೇ ಸಿಗಲಿಲ್ಲ ಎಂದು ಬರೆದೂ ಕೊಟ್ಟಿದೆ.

ವಾಸ್ಕೋದವರೇ, ನಿಮ್ಮದು ದೇಶದೊಳಗಿನ ಪ್ರಯಾಣ. ಅದಕ್ಕೆ 2014ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಒಬ್ಬರಿಗೆ 20,000 ರೂಪಾಯಿ ಮಿತಿ. ಅದರಲ್ಲಿ ಕಿಲೋಗೆ 350 ಎಂದು ಇರುವುದು ಸರಕು ಸಾಗಣೆಗೆ, ಪ್ರಯಾಣಿಕರ ಬ್ಯಾಗಿಗಲ್ಲ.

ವಾಸ್ಕೋದಾಂವ
ಹಂಗಾದ್ರ ನನಗ ಮೋಸ ಆತಲ್ರೀ! ನಾ ಸಹಿ ಮಾಡಿ ಕೊಟ್ಟು ಬಿಟ್ಟೇನಿ. ನಂದು ಈಗ ಕೇಳಾಕ ಬರ್ತದೇನು?

ಪುಣೆ ವಕೀಲೆ
ಎಷ್ಟು ಕಾಲವಾಯಿತು, ಯಾವ ಕಾಗದಕ್ಕೆ ಸಹಿ ಮಾಡಿದ್ದೀರಿ ನೋಡದೆ ಹೇಳಲಾರೆ. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ನೋಡೋಣ.

ಡೊಂಬಿವಲಿಯವರೇ, ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಹೇಳಿಲ್ಲ. ಟ್ಯಾಗು ಮಾವನ ಹೆಸರಿನಲ್ಲಿದೆ. ಪತ್ರ ಮಾವನೊಬ್ಬರದ್ದೇ ಹೋದರೆ, ಸೀರೆ, ಬೆಳ್ಳಿ ನಿಮ್ಮದಲ್ಲ ಎಂದು ಒಂದು ಆಕ್ಷೇಪ ಬರುತ್ತದೆ. ಅತ್ತೆ ಬೇರೆ ಕೇಳಿದರೆ, ನಿಮ್ಮ ಹೆಸರಿನಲ್ಲಿ ಬ್ಯಾಗೇ ಇರಲಿಲ್ಲ ಎಂದು ಇನ್ನೊಂದು. ಇದೇ ಪ್ರಶ್ನೆ ಯುರೋಪಿನ ನ್ಯಾಯಾಲಯದ ಮುಂದೆ ಬಂದಿತ್ತು. ನಾಲ್ಕು ಜನ ತಮ್ಮ ಸಾಮಾನನ್ನೆಲ್ಲ ಎರಡೇ ಸೂಟ್‌ಕೇಸಿನಲ್ಲಿ ಹಾಕಿದ್ದರು, ಎರಡೂ ಹೋದವು. ಇನ್ನೊಬ್ಬರ ಹೆಸರಿನ ಬ್ಯಾಗಿನಲ್ಲಿ ತನ್ನ ಸಾಮಾನು ಇತ್ತು ಎಂದು ತೋರಿಸಿದರೆ ಆ ಪ್ರಯಾಣಿಕರೂ ತಮ್ಮ ಪಾಲಿನ ಮಿತಿಯವರೆಗೆ ಕೇಳಬಹುದು ಎಂದು 2012ರಲ್ಲಿ ತೀರ್ಪು ಬಂತು. ಅದು ನಮ್ಮ ಗ್ರಾಹಕ ಆಯೋಗಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಅವರು ಓದಿದ್ದೂ ನಮ್ಮ ವಿಮಾನ ಸಾಗಣೆ ಕಾಯಿದೆಯ ಅನುಬಂಧದಲ್ಲಿ ಇರುವುದೂ ಅದೇ ಒಪ್ಪಂದದ ಪಠ್ಯ, ಹಾಗಾಗಿ ವಾದಕ್ಕೆ ಬಲ ಬರುತ್ತದೆ. ಒಂದೇ ಪತ್ರ ಬರೆಯಿರಿ, ಇಬ್ಬರೂ ಸಹಿ ಹಾಕಲಿ, ಪಟ್ಟಿ ಮಾತ್ರ ಇಬ್ಬರದೂ ಬೇರೆ ಬೇರೆ ಇರಲಿ.

ಡೊಂಬಿವಲಿ ಸೊಸೆ
ಇದು ನಮಗೆ ಹೊಳೆದೇ ಇರಲಿಲ್ಲ, ತುಂಬ ಉಪಕಾರವಾಯಿತು. ನಿನ್ನೆ ರಾತ್ರಿ ಅತ್ತೆಯ ಜೊತೆ ಕೂತು ಪಟ್ಟಿ ಮಾಡಿದೆ. ಬೀರುವಿನ ಬಿಲ್ಲು ಡಬ್ಬದಲ್ಲಿ ಮಾಟುಂಗಾದ ಸೀರೆ ಅಂಗಡಿಯ ಜಿಎಸ್‌ಟಿ ಬಿಲ್ಲು ಸಿಕ್ಕಿತು: 2023ರ ಅಕ್ಟೋಬರ್, ಎರಡು ರೇಷ್ಮೆ ಸೀರೆ, 27,600. ಅದರ ಕೆಳಗೇ ಬೆಳ್ಳಿಯದ್ದೂ ಇತ್ತು, 2019ರದ್ದು: ಕುಂಕುಮ ಭರಣಿ ಮತ್ತು ಒಂದು ಜೊತೆ ದೀಪ, 310 ಗ್ರಾಂ, 14,900 ರೂಪಾಯಿ. ಶಾಯಿ ಮಾಸಿದೆ, ಆದರೆ ತೂಕ ಓದಲು ಬರುತ್ತದೆ. ಇಳಕಲ್ ಸೀರೆ ಮೂರಕ್ಕೂ ಬಿಲ್ಲಿಲ್ಲ, ಎಲ್ಲ ಊರಲ್ಲಿ ತೆಗೆದದ್ದು. ಆದರೆ ಗೃಹಪ್ರವೇಶದ ಫೋಟೋದಲ್ಲಿ ಒಂದನ್ನು ಉಟ್ಟಿದ್ದಾರೆ, ಹಿಂದೆ ದೇವರ ಮುಂದೆ ಅದೇ ಬೆಳ್ಳಿ ದೀಪಗಳೂ ಕಾಣುತ್ತವೆ. ಮಾವನ ಕೋಟಿಗೆ, ಅತ್ತೆಯ ಸ್ವೆಟರು, ಶಾಲಿಗೆ ನನ್ನ ನಾದಿನಿಯ ಕಾರ್ಡ್ ಸ್ಟೇಟ್‌ಮೆಂಟ್ ಇದೆ.

ನನ್ನ ಸಂಶಯ ಮೂರು. ಬಿಲ್ಲಿಲ್ಲದ್ದನ್ನು ಬರೆಯಬಹುದೇ? ಬರೆದರೆ ಹಳೇ ಬೆಲೆಯೋ ಈಗಿನ ಬೆಲೆಯೋ? ಮತ್ತೆ, ಅವರು ಬಂದ ಮುಂದಿನ ವಾರವೇ ಹುಬ್ಬಳ್ಳಿಯಲ್ಲಿ ಒಂದು ಮುಂಜಿ ಇತ್ತು, ಅತ್ತೆಗೆ 6,800ರ ಒಂದು ಸೀರೆ ಹೊಸದಾಗಿ ತೆಗೆಯಬೇಕಾಯಿತು. ಅದನ್ನು ಸೇರಿಸಬಹುದೇ?

ಸಹಾರ್ ಹಳಬ
ಬಿಲ್ಲಿಲ್ಲ ಅಂತ ಬಿಡಬೇಡಿ ಮಾರಾಯ್ರೆ. ದಿನಾ ಉಡುವ ಬಟ್ಟೆಗೆ ಯಾರ ಹತ್ತಿರವೂ ಬಿಲ್ಲಿರುವುದಿಲ್ಲ, ಅದು ಕ್ಲೇಮಿನವರಿಗೂ ಗೊತ್ತು. ಫೋಟೋ, ಕಾರ್ಡಿನ ಲೆಕ್ಕ, ಆನ್‌ಲೈನ್ ಆರ್ಡರಿನ ಪುಟ, ಅಂಗಡಿಯವರು ಬರೆದುಕೊಟ್ಟ ಚೀಟಿ, ಎಲ್ಲವೂ ಪುರಾವೆಯೇ. ಏನೂ ಇಲ್ಲದ್ದಕ್ಕೆ ‘ಬಿಲ್ಲಿಲ್ಲ, ಅಂದಾಜು’ ಎಂದೇ ಬರೆದು ಮಿತವಾದ ಬೆಲೆ ಹಾಕಿ.

ಬೆಲೆಯ ವಿಷಯದಲ್ಲಿ ನಾನು ಹೇಳುವುದು ಇಷ್ಟು. ಕೊಂಡ ಬೆಲೆ ಒಂದು ಅಂಕಣದಲ್ಲಿ, ಕೇಳುವ ಬೆಲೆ ಇನ್ನೊಂದರಲ್ಲಿ ಇರಲಿ. ಬಳಸಿದ ಸಾಮಾನಿಗೆ ಅವರು ಸವಕಳಿ ಕಡಿದೇ ಕಡಿಯುತ್ತಾರೆ. ನೀವೇ ನ್ಯಾಯವಾಗಿ ಸ್ವಲ್ಪ ಕಡಿದು ತೋರಿಸಿದರೆ ಅವರು ಮತ್ತೆ ಕತ್ತರಿ ಹಾಕಲು ಕಾರಣ ಕೊಡಬೇಕಾಗುತ್ತದೆ.

ಮುಂಜಿಯ ಸೀರೆ ಸೇರಿಸಬೇಡಿ. ಕಳೆದ ಸೀರೆಗಳ ಬೆಲೆ ಕೇಳುತ್ತಿದ್ದೀರಿ, ಅದರ ಬದಲಿಗೆ ತೆಗೆದ ಸೀರೆಯ ಬೆಲೆಯನ್ನೂ ಕೇಳಿದರೆ ಒಂದಕ್ಕೇ ಎರಡು ಸಲ ಕೇಳಿದಂತಾಗುತ್ತದೆ. ಪರದೇಶದಲ್ಲಿ ಬ್ಯಾಗು ತಪ್ಪಿದವರ ಖರ್ಚು ಬೇರೆ, ಸ್ವಂತ ಮನೆಗೆ ಬಂದವರದ್ದು ಬೇರೆ ಎಂದೇ ಅವರು ನೋಡುವುದು.

ಪುಣೆ ವಕೀಲೆ
ಮುಂಜಿಯ ಸೀರೆ ಬಗ್ಗೆ ಒಪ್ಪುತ್ತೇನೆ. ಸವಕಳಿ ಬಗ್ಗೆ ಒಪ್ಪುವುದಿಲ್ಲ. ನಾವೇ ಕಡಿದುಕೊಟ್ಟರೆ ಅವರು ಅದರ ಮೇಲೆ ಮತ್ತೆ ಕಡಿಯುತ್ತಾರೆ, ನನ್ನ ಅನುಭವ ಅದು. ಬೆಳ್ಳಿಗಂತೂ ಸವಕಳಿಯೇ ಇಲ್ಲ. 310 ಗ್ರಾಂ ಬೆಳ್ಳಿಗೆ ಇವತ್ತು ಬರೀ ಲೋಹದ ಬೆಲೆಯೇ 30,000 ಆಗುತ್ತದೆ, ಅದನ್ನೇ ಕೇಳಬೇಕು. 2019ರ 14,900 ಕೊಟ್ಟರೆ ಇವತ್ತು ಅದರಲ್ಲಿ ಅಷ್ಟರ ಅರ್ಧ ಬೆಳ್ಳಿಯೂ ಬರುವುದಿಲ್ಲ.

ಸಹಾರ್ ಹಳಬ
ಬೆಳ್ಳಿಯನ್ನೇ ಅವರು ಮೊದಲು ಹೊಡೆದುಹಾಕುವುದು ವಕೀಲರೇ. ಹಣ, ಒಡವೆ, ಬೆಳ್ಳಿ, ಎಲೆಕ್ಟ್ರಾನಿಕ್ಸ್ ಚೆಕ್-ಇನ್ ಬ್ಯಾಗಿನಲ್ಲಿ ಇಟ್ಟರೆ ನಾವು ಹೊಣೆಯಲ್ಲ ಎಂದು ಪ್ರತಿಯೊಂದು ಸಂಸ್ಥೆಯ ಷರತ್ತಿನಲ್ಲೂ ಇರುತ್ತದೆ.

ಪುಣೆ ವಕೀಲೆ
ಷರತ್ತಿನಲ್ಲಿ ಇದ್ದರೆ ಆಯಿತೇ? ಹೊಣೆ ತಪ್ಪಿಸಿಕೊಳ್ಳುವ, ಅಥವಾ ಒಪ್ಪಂದದ ಮಿತಿಗಿಂತ ಕಡಿಮೆ ಮಿತಿ ಕಟ್ಟುವ ಯಾವ ಷರತ್ತೂ ಅನೂರ್ಜಿತ ಎಂದು ಅದೇ ಒಪ್ಪಂದದ 26ನೇ ವಿಧಿ ಹೇಳುತ್ತದೆ. ಕಿಲೋಗೆ 20 ಡಾಲರಿಗೂ ಇದೇ ಉತ್ತರ.

ಸಹಾರ್ ಹಳಬ
20ನೇ ವಿಧಿಯನ್ನೂ ಓದಿರುತ್ತೀರಿ. ನಷ್ಟಕ್ಕೆ ಪ್ರಯಾಣಿಕನ ಅಜಾಗರೂಕತೆಯೂ ಕಾರಣವಾಗಿದ್ದರೆ ಅಷ್ಟು ಹೊಣೆ ಇಳಿಯುತ್ತದೆ. ಬೆಳ್ಳಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬಹುದಿತ್ತು ಅನ್ನುತ್ತಾರೆ.

ಪುಣೆ ವಕೀಲೆ
ಅನ್ನಲಿ. ಬೆಳ್ಳಿ ಇದ್ದದ್ದರಿಂದ ಬ್ಯಾಗು ಕಳೆಯಲಿಲ್ಲವಲ್ಲ. ಯುರೋಪಿನಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟಿಸದೆ ಹೋದದ್ದರಿಂದ ಕಳೆಯಿತು. ನಮ್ಮಲ್ಲಿ ಆಯೋಗಗಳು ಎರಡೂ ರೀತಿ ಹೇಳಬಹುದು, ಅದನ್ನು ನಾನು ಒಪ್ಪುತ್ತೇನೆ. ಆದರೆ ಪಟ್ಟಿಯಲ್ಲೇ ಬರೆಯದಿದ್ದರೆ ಮುಂದೆ ಕೇಳುವ ದಾರಿಯೂ ಮುಚ್ಚುತ್ತದೆ. ಬರೆಯಿರಿ.

ಥಾಣೆಯ ಲೆಕ್ಕಿಗ
ವಾರ್ಸಾ ಹೋಗಿ ಮಾಂಟ್ರಿಯಲ್ ಬಂದದ್ದು ನನಗ ಗೊತ್ತಿರಲಿಲ್ಲ, ಹಳಬರು ಹೇಳಿದ್ದು ಖರೆ. ಆದ್ರ ಒಂದು ಲೆಕ್ಕ ತಿಳೀಲಿಲ್ಲ. ಇಬ್ಬರಿಗೂ ಸೇರಿ ಮೂರೂವರೆ ಲಕ್ಷ ಮಿತಿ ಆತಲ್ಲ. ಅಷ್ಟೂ ಕೇಳಿಬಿಡಬಹುದಲ್ಲ?

ಸಹಾರ್ ಹಳಬ
ಮಿತಿ ಅಂದರೆ ಮೇಲಿನ ಗೆರೆ, ಕೊಡಲೇಬೇಕಾದ ಮೊತ್ತ ಅಲ್ಲ. ತೋರಿಸಿದ ನಷ್ಟ ಎಷ್ಟೋ ಅಷ್ಟು. ಹೆಚ್ಚು ಬೆಲೆಯ ಸಾಮಾನು ಇದ್ದವರು ಬ್ಯಾಗು ಕೊಡುವಾಗಲೇ ಬೆಲೆ ಘೋಷಿಸಿ, ಕೇಳಿದ ಶುಲ್ಕ ಕಟ್ಟಿದ್ದರೆ ಮಾತ್ರ ಗೆರೆ ಮೇಲಕ್ಕೆ ಹೋಗುತ್ತದೆ.

ಡೊಂಬಿವಲಿ ಸೊಸೆ
ಎಲ್ಲರ ಮಾತು ಸೇರಿಸಿ ಮತ್ತೆ ಬರೆದೆ. ಕಳಿಸುವುದು ಇಂಗ್ಲಿಷಿನಲ್ಲಿ, ಇಲ್ಲಿ ಎಲ್ಲರೂ ನೋಡಲಿ ಅಂತ ಕನ್ನಡದಲ್ಲಿ ಹಾಕಿದ್ದೇನೆ. ಸವಕಳಿಯಲ್ಲಿ ಹಳಬರ ಮಾತು ಹಿಡಿದಿದ್ದೇನೆ, ಬೆಳ್ಳಿಯಲ್ಲಿ ವಕೀಲರ ಮಾತು. ಕೆನಡಾ ಡಾಲರಿಗೆ 60 ರೂಪಾಯಿ ಹಿಡಿದಿದ್ದೇನೆ.

> ದಿನಾಂಕ: 29 ಮಾರ್ಚ್ 2025
>
> ಇವರಿಗೆ: ಬ್ಯಾಗೇಜ್ ಕ್ಲೇಮ್ ವಿಭಾಗ
>
> ವಿಷಯ: ಟೊರಾಂಟೊ–ಮುಂಬೈ ಪ್ರಯಾಣದಲ್ಲಿ ಕಳೆದ ಒಂದು ಚೆಕ್-ಇನ್ ಬ್ಯಾಗಿಗೆ ಪರಿಹಾರ. ಪಿಐಆರ್ ಸಂಖ್ಯೆ, ಟಿಕೆಟ್ ಸಂಖ್ಯೆ, ಬ್ಯಾಗ್ ಟ್ಯಾಗ್ ಸಂಖ್ಯೆ ಮೇಲ್ಭಾಗದಲ್ಲಿವೆ.
>
> ಕೆಳಗೆ ಸಹಿ ಮಾಡಿದ ನಾವಿಬ್ಬರೂ ಮುಂಬೈಯಿಂದ ಹೋಗಿಬರುವ ಒಂದೇ ಬುಕಿಂಗಿನಲ್ಲಿ ಪ್ರಯಾಣ ಮಾಡಿ 2025ರ ಮಾರ್ಚ್ 2ರಂದು ಮುಂಬೈಗೆ ಬಂದೆವು. 21.5 ಕಿಲೋ ತೂಕದ ಒಂದು ಬ್ಯಾಗು ಬರಲಿಲ್ಲ. ಅಂದೇ ವಿಮಾನ ನಿಲ್ದಾಣದಲ್ಲಿ ದೂರು ಕೊಟ್ಟಿದ್ದೇವೆ, ಕಸ್ಟಮ್ಸ್ ಮುದ್ರೆ ಇರುವ ಪ್ರತಿ ಲಗತ್ತಿಸಿದೆ. 21 ದಿನ ಕಳೆದಿವೆ. ಬ್ಯಾಗು ಸಿಗಲಿಲ್ಲವೆಂದು ನೀವು ಮಾರ್ಚ್ 25ರ ಮೇಲ್‌ನಲ್ಲಿ ಒಪ್ಪಿದ್ದೀರಿ.
>
> ತೂಕದ ಲೆಕ್ಕದ ನಿಮ್ಮ 430 ಡಾಲರ್ ಪ್ರಸ್ತಾಪವನ್ನು ನಾವು ಒಪ್ಪುವುದಿಲ್ಲ. ಈ ಪ್ರಯಾಣಕ್ಕೆ ಅನ್ವಯಿಸುವುದು ಮಾಂಟ್ರಿಯಲ್ ಒಪ್ಪಂದ. ಅದರಲ್ಲಿ ಮಿತಿ ಇರುವುದು ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್, ಕಿಲೋಗಲ್ಲ. ಬ್ಯಾಗಿನಲ್ಲಿ ನಮ್ಮಿಬ್ಬರ ಸಾಮಾನೂ ಇದ್ದುದರಿಂದ ಪ್ರತ್ಯೇಕವಾಗಿ ಕೇಳುತ್ತಿದ್ದೇವೆ.
>
> ಮೊದಲ ಪ್ರಯಾಣಿಕ: ಸೂಟ್‌ಕೇಸ್, 2022, ಬಿಲ್ 8,200, ಕೇಳಿಕೆ 6,000. ಉಣ್ಣೆ ಕೋಟು, ಜನವರಿ 2025, 180 ಕೆನಡಾ ಡಾಲರ್, ಕಾರ್ಡ್ ಸ್ಟೇಟ್‌ಮೆಂಟ್, ಕೇಳಿಕೆ 10,800. ಶೂ, 2024, ಬಿಲ್ 4,500, ಕೇಳಿಕೆ 3,500. ಬಿಪಿ ನೋಡುವ ಯಂತ್ರ, ಆನ್‌ಲೈನ್ ಬಿಲ್ 2,400, ಕೇಳಿಕೆ 2,000. ಆರು ಜೊತೆ ಅಂಗಿ, ಪ್ಯಾಂಟು, ಬಿಲ್ಲಿಲ್ಲ, ಅಂದಾಜು 9,000. ಒಟ್ಟು 31,300.
>
> ಎರಡನೇ ಪ್ರಯಾಣಿಕೆ: ರೇಷ್ಮೆ ಸೀರೆ ಎರಡು, ಅಕ್ಟೋಬರ್ 2023, ಬಿಲ್ 27,600, ಕೇಳಿಕೆ 24,000. ಇಳಕಲ್ ಸೀರೆ ಮೂರು, ಬಿಲ್ಲಿಲ್ಲ, ಫೋಟೋ ಇದೆ, ಅಂದಾಜು 12,000. ಉಣ್ಣೆ ಶಾಲು ಮತ್ತು ಸ್ವೆಟರ್, 140 ಕೆನಡಾ ಡಾಲರ್, ಕಾರ್ಡ್ ಸ್ಟೇಟ್‌ಮೆಂಟ್, ಕೇಳಿಕೆ 8,400. ಬೆಳ್ಳಿಯ ಕುಂಕುಮ ಭರಣಿ ಮತ್ತು ದೀಪ, 310 ಗ್ರಾಂ, 2019ರ ಬಿಲ್ ಹಾಗೂ ಫೋಟೋ, ಈಗಿನ ಬೆಲೆ 30,000. ದಿನಬಳಕೆಯ ಬಟ್ಟೆ, ಬಿಲ್ಲಿಲ್ಲ, ಅಂದಾಜು 8,000. ಒಟ್ಟು 82,400.
>
> ಇಬ್ಬರದೂ ಸೇರಿ 1,13,700 ರೂಪಾಯಿ. ಇದನ್ನು 30 ದಿನದೊಳಗೆ ಕೆಳಗಿನ ಖಾತೆಗೆ ಕಳಿಸಿ. ಯಾವುದಾದರೂ ವಸ್ತುವಿಗೆ ಕೊಡುವುದಿಲ್ಲವೆಂದರೆ ಆ ವಸ್ತುವನ್ನು ಹೆಸರಿಸಿ ಕಾರಣ ಬರೆದು ತಿಳಿಸಿ. ಗ್ರಾಹಕ ಆಯೋಗಕ್ಕೆ ಹೋಗುವ ನಮ್ಮ ಹಕ್ಕನ್ನು ಉಳಿಸಿಕೊಂಡು ಈ ಪತ್ರ ಬರೆಯುತ್ತಿದ್ದೇವೆ.

ಸಹಾರ್ ಹಳಬ
ಚೆನ್ನಾಗಿದೆ ತಂಗೀ. ಪ್ರತಿ ವಸ್ತುವಿಗೆ ಒಂದು ಸಂಖ್ಯೆ ಕೊಡಿ, ಅದೇ ಸಂಖ್ಯೆಯನ್ನು ಅದರ ಬಿಲ್ಲಿನ ಮೂಲೆಯಲ್ಲೂ ಬರೆಯಿರಿ. ಮೂಲ ಬಿಲ್ಲು ಕೇಳಿದರೂ ಕೊಡಬೇಡಿ, ಪ್ರತಿ ಸಾಕು. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಟ್ಯಾಗಿನ ತುಂಡನ್ನು ಮನೆಯಲ್ಲೇ ಭದ್ರವಾಗಿಡಿ. ಮೇಲ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಹೋಗಲಿ. ಬೇರೆ ಬೇರೆ ಸಂಸ್ಥೆಯ ವಿಮಾನವಾಗಿದ್ದರೆ, ಮುಂಬೈಗೆ ಕರೆತಂದ ಸಂಸ್ಥೆಗೆ ಕಳಿಸಿ. ಮೊದಲಿನವರು ಅವರ ಮೇಲೆ, ಅವರು ಮೊದಲಿನವರ ಮೇಲೆ ಹಾಕುತ್ತಾರೆ, ನೀವು ಓಡಾಡಬೇಕಿಲ್ಲ. ಮೊದಲನೆಯವರನ್ನೂ ಕೊನೆಯವರನ್ನೂ ಕೇಳುವ ಹಕ್ಕು ಪ್ರಯಾಣಿಕರಿಗಿದೆ.

ಪಿಂಪ್ರಿ ಹುಡುಗ
ವಕೀಲರೇ, ಬಂದ ದಿನವೇ ವಿಮಾನ ನಿಲ್ದಾಣದಲ್ಲಿ ಚಕ್ರ ಮುರಿದದ್ದನ್ನು ಬರೆಸಿದ್ದ ಚೀಟಿ ಸಿಕ್ಕಿತು! ಧನ್ಯವಾದ.

ಡೊಂಬಿವಲಿ ಸೊಸೆ
ಒಂದು ತಿಂಗಳ ಮೇಲೆ ಇವತ್ತು ಉತ್ತರ ಬಂತು. ಕಿಲೋ ಲೆಕ್ಕವನ್ನು ಬಿಟ್ಟಿದ್ದಾರೆ! ಅತ್ತೆಯ ಸಾಮಾನನ್ನೂ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಬೆಳ್ಳಿಯ 30,000 ಷರತ್ತಿನ ಪ್ರಕಾರ ಇಲ್ಲ ಎಂದಿದ್ದಾರೆ. ಬಿಲ್ಲಿಲ್ಲದ 29,000ಕ್ಕೆ ಅರ್ಧ ಮಾತ್ರ. ಒಟ್ಟು 69,200 ಕೊಡುತ್ತಾರಂತೆ. ಫಾರ್ಮು ಮಾತ್ರ ಅದೇ, “ಪೂರ್ಣ ಮತ್ತು ಅಂತಿಮ”. ಮಾವ ಸಾಕು ತಗೊಳ್ಳೋಣ ಅನ್ನುತ್ತಾರೆ. ಅತ್ತೆ ಬೆಳ್ಳಿ ಬಿಡುವುದಿಲ್ಲ ಅನ್ನುತ್ತಾರೆ. ನಿಮ್ಮೆಲ್ಲರ ಮಾತು ಬೇಕು.

ಸಹಾರ್ ಹಳಬ
ನನ್ನನ್ನು ಕೇಳಿದರೆ ತಗೊಳ್ಳಿ. 37,000 ಇದ್ದದ್ದು 69,200 ಆಗಿದೆ, ಬರೀ ಪತ್ರದಿಂದ. ಅವರ ವಯಸ್ಸಿಗೆ ಆಯೋಗದ ಅಲೆದಾಟ ಬೇಡ.

ಪುಣೆ ವಕೀಲೆ
ಈ ವಿಷಯದಲ್ಲಿ ಅವರವರ ಮನೆಯ ನಿರ್ಧಾರವೇ ಸರಿ. ಆದರೆ ಸಹಿಗೆ ಮೊದಲು ಒಂದು ಸಲ ಬರೆದು ಕೇಳಿ: 69,200 ಅನ್ನು ವಿವಾದವಿಲ್ಲದ ಮೊತ್ತವೆಂದು ಈಗ ಕೊಡಿ, ಬೆಳ್ಳಿ ಮತ್ತು ಉಳಿದ ಅರ್ಧದ ಹಕ್ಕನ್ನು ನಾವು ಉಳಿಸಿಕೊಳ್ಳುತ್ತೇವೆ ಅಂತ. ಬಹಳ ಸಂಸ್ಥೆಗಳು ಒಪ್ಪುವುದಿಲ್ಲ, ಕೆಲವು ಒಪ್ಪುತ್ತವೆ. ಒಪ್ಪದಿದ್ದರೆ ಆಗ ಯೋಚಿಸಿ. ಇದರ ಮಧ್ಯೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ವಿಮಾನ ಪ್ರಯಾಣಿಕರ ದೂರಿಗೆ ಇರುವ ಸರ್ಕಾರದ ಏರ್‌ಸೇವಾ ತಾಣದಲ್ಲೂ ಹಾಕಿ.

ಆಯೋಗಕ್ಕೇ ಹೋಗುವುದಾದರೆ ನೀವು ಇರುವ ಜಾಗದಲ್ಲೇ ದೂರು ಕೊಡಬಹುದು. ಡೊಂಬಿವಲಿ ಥಾಣೆ ಜಿಲ್ಲೆಗೆ ಸೇರಿದ್ದರಿಂದ ಥಾಣೆಯ ಜಿಲ್ಲಾ ಆಯೋಗ. ಆನ್‌ಲೈನಿನಲ್ಲೇ ಸಲ್ಲಿಸಬಹುದು. ಶುಲ್ಕ ನೋಡುವುದು ಟಿಕೆಟಿಗೆ ಕೊಟ್ಟ ಹಣದ ಮೇಲೆ, 5 ಲಕ್ಷದವರೆಗೆ ಶುಲ್ಕವಿಲ್ಲ. ನಿಮ್ಮ ಮೊದಲ ಕರಡಿನಲ್ಲಿದ್ದ ಮಾನಸಿಕ ಯಾತನೆಯ ಮಾತಿಗೆ ಜಾಗ ಇರುವುದು ಅಲ್ಲಿ. ಒಪ್ಪಂದದ ಮಿತಿಯ ಹೊರಗೆ ಅದನ್ನು ಕೊಡಬಹುದೇ ಎಂಬ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ, ನಿಮ್ಮದು ಮಿತಿಯ ಒಳಗೇ ಇರುವುದರಿಂದ ಕೇಳಲು ಅಡ್ಡಿಯಿಲ್ಲ.

ಥಾಣೆಯ ಲೆಕ್ಕಿಗ
ಥಾಣೆಗೆ ಬರೋದಿದ್ರ ಹೇಳ್ರಿ ಅಕ್ಕಾವ್ರೆ. ನಮ್ಮ ಮನಿ ಆಯೋಗದಿಂದ ದೂರಿಲ್ಲ. ಕಾಗದ ಜೋಡಿಸಿ, ಪುಟಕ್ಕ ನಂಬರ್ ಹಾಕಿ ಕೊಡೋ ಕೆಲಸ ನಾ ಮಾಡ್ತೀನಿ. ಹಿರಿಯರು ಪದೇ ಪದೇ ಓಡಾಡೋದು ಬ್ಯಾಡ.

ಡೊಂಬಿವಲಿ ಸೊಸೆ
ನಿಮ್ಮ ಮಾತಿಗೆ ಮನಸ್ಸು ತುಂಬಿ ಬಂತು. ವಕೀಲರು ಹೇಳಿದ ಹಾಗೆ ವಿವಾದವಿಲ್ಲದ ಮೊತ್ತ ಕೊಡಿ ಅಂತ ಇವತ್ತೇ ಬರೆಯುತ್ತೇನೆ. ಅವರು ಒಪ್ಪದಿದ್ದರೆ ನಿರ್ಧಾರಕ್ಕೆ ನಮಗೆ ಎಷ್ಟು ಸಮಯ ಇದೆ?

ಪುಣೆ ವಕೀಲೆ
ಬ್ಯಾಗು ಬರಬೇಕಿದ್ದ ದಿನದಿಂದ ಎರಡು ವರ್ಷ. ಅಂದರೆ 2027ರ ಮಾರ್ಚ್ 2ರೊಳಗೆ ದೂರು ಆಯೋಗದಲ್ಲಿ ದಾಖಲಾಗಿರಬೇಕು. ಅವರ ಜೊತೆ ಪತ್ರವ್ಯವಹಾರ ನಡೆಯುತ್ತಿತ್ತು ಎಂಬುದು ಈ ಗಡುವನ್ನು ಮುಂದೆ ತಳ್ಳುವುದಿಲ್ಲ, ಆದ್ದರಿಂದ ಅವರ ಕೊನೆಯ ಮೇಲ್‌ನ ತಾರೀಕಿನಿಂದ ಎಣಿಸಬೇಡಿ.